ಕಟ್ಟದೇ ಉಳಿದ ಕೆರೆಯ ಲೆಕ್ಕ

ಎಂಜಿನಿಯರ್ ಅಂದರೆ ಕೈಯಲ್ಲಿ ಟೇಪು ಹಿಡಿದು ಬಿಸಿಲಲ್ಲಿ ನಿಂತು ಕೂಗಾಡುವವನು ಅಂತ ಜನ ತಿಳಿದಿರುತ್ತಾರೆ. ಅರ್ಧ ಆಯುಷ್ಯ ಅವನು ಕುರ್ಚಿಯಲ್ಲಿ ಕೂತು ಬರೆಯುತ್ತಾನೆ ಅಂದರೆ ಯಾರೂ ನಂಬುವುದಿಲ್ಲ. ಕೆರೆ ಇರಲಿ, ಸೇತುವೆ ಇರಲಿ, ಮಣ್ಣಿನ ಮೇಲೆ ಏಳುವ ಮುಂಚೆ ಅದು ಕಾಗದದ ಮೇಲೆ ಏಳಬೇಕು. ನಮ್ಮ ಪಾಪಣ್ಣ ಕೆಟ್ಟದ್ದು ಆ ಕಾಗದದಲ್ಲೇ. ಅದೂ ದುಡ್ಡು ತಿಂದಲ್ಲ, ಸೋಮಾರಿತನದಿಂದಲ್ಲ, ಒಂದು ಪದ ಬರೆದು ಕೆಟ್ಟ.

ಅವನ ಊರು ಜಗಳೂರು ಸೀಮೆಯ ಕಾರೆಹಟ್ಟಿ. ಊರ ಪಡುವಲಕ್ಕೆ ಕೇರಿ, ಕೇರಿಯ ಕೊನೆಯ ಮನೆ ಅವನದು. ಅಪ್ಪ ಅವ್ವ ಒಬ್ಬರ ಹಿಂದೆ ಒಬ್ಬರು ಹೋದಾಗ ಹುಡುಗನಿಗೆ ಇನ್ನೂ ಬುದ್ಧಿ ಬಲಿತಿರಲಿಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕ ಭೀಮಕ್ಕನೇ ಅವನಿಗೆ ಎಲ್ಲಾ ಆದಳು. ಕೂಲಿ ಮಾಡಿ, ಕಂಡವರ ಹೊಲದಲ್ಲಿ ಕಳೆ ಕಿತ್ತು, ಅವನನ್ನು ಜಗಳೂರಿನ ಹಾಸ್ಟೆಲಿಗೆ ಸೇರಿಸಿದಳು. ಹುಡುಗ ಓದಿನಲ್ಲಿ ಚುರುಕು. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ, ಎಪ್ಪತ್ತೊಂದರಲ್ಲಿ ಜೂನಿಯರ್ ಎಂಜಿನಿಯರ್ ಆಗಿ ಆರ್ಡರ್ ಹಿಡಿದು ಬಂದಾಗ ಭೀಮಕ್ಕ ಆ ಕಾಗದವನ್ನು ಕೇರಿಯ ಮನೆ ಮನೆಗೂ ಒಯ್ದು ತೋರಿಸಿದಳು. ಓದಲು ಬಾರದವಳು, ತಲೆಕೆಳಗಾಗಿ ಹಿಡಿದುಕೊಂಡು ತೋರಿಸಿದಳು. "ನಮ್ ತಮ್ಮ ಕೆರೆ ಕಟ್ಟಾ ಎಂಜಿನಿಯರು ಕಣ್ರೇ" ಅನ್ನುವಳು. ಎಲ್ಲಿಯ ಕೆರೆ, ಯಾವ ಕೆರೆ ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಅದು ತಮ್ಮೂರಿನ ಕೆರೆಯೇ ಅಂದುಕೊಂಡರು.

ಮೊದಲ ಪೋಸ್ಟಿಂಗು ಚನ್ನಗಿರಿ. ಅಡಿಕೆ ಮಂಡಿಗಳ ನಡುವೆ ಒಂದು ಹೆಂಚಿನ ಮನೆಯಲ್ಲಿ ಸಣ್ಣ ನೀರಾವರಿಯ ಕಚೇರಿ. ಅಲ್ಲಿ ಬೆನಕಪ್ಪ ಅಂತ ಒಬ್ಬ ಹಿರಿಯ ಜೂನಿಯರ್ ಎಂಜಿನಿಯರು. ಎಲೆಯಡಿಕೆ ಹಾಕಿ ಹಾಕಿ ಹಲ್ಲೆಲ್ಲ ಕೆಂಪು, ಮನಸ್ಸು ಮಾತ್ರ ಬಿಳಿ. ಕೆಲಸ ಕಲಿಸಿದ್ದು ಆತನೇ.

"ನೋಡಪ್ಪಾ ಪಾಪಣ್ಣ, ಪ್ರಾಜೆಕ್ಟ್ ರಿಪೋರ್ಟ್ ಅಂದ್ರೆ ಮದುವೆ ಊಟ ಇದ್ದಂಗೆ. ಪೀಠಿಕೆ, ಜಾಗದ ವರ್ಣನೆ, ನಕ್ಷೆ, ದರಪಟ್ಟಿ, ಎಲ್ಲಾ ಎಲೆ ತುಂಬ ಬಡಿಸ್ತಾರೆ. ಆದ್ರೆ ಅನ್ನ ಯಾವುದು ಗೊತ್ತಾ? ಡಿಸೈನ್ ಅಸಂಪ್ಶನ್ಸು, ಕ್ಯಾಲ್ಕ್ಯುಲೇಶನ್ಸು. ಏನನ್ನ ನಂಬಿಕೊಂಡು ಲೆಕ್ಕ ಹಾಕಿದ್ವಿ ಅಂತ ಮೊದಲು ಬರೀಬೇಕು. ಆಮೇಲೆ ಲೆಕ್ಕ. ನಂಬಿಕೆ ಸರಿ ಇಲ್ದಿದ್ರೆ ಲೆಕ್ಕ ಎಷ್ಟು ಸರಿ ಇದ್ರೂ ಮಣ್ಣುಪಾಲು."

ಇಷ್ಟು ಹೇಳಿದ ಬೆನಕಪ್ಪ ಸ್ವತಃ ಏನು ಮಾಡುತ್ತಿದ್ದ ಅಂತೀರಿ? ಬೀರುವಿನಿಂದ ಹಿಂದೆ ಮಂಜೂರಾದ ಯಾವುದೋ ಕೆರೆಯ ರಿಪೋರ್ಟು ತೆಗೆದು, ಊರಿನ ಹೆಸರು ಬದಲಾಯಿಸಿ, ಉದ್ದ ಅಗಲ ಬದಲಾಯಿಸಿ, ಅಸಂಪ್ಶನ್ನುಗಳನ್ನು ಇದ್ದ ಹಾಗೇ ನಕಲು ಮಾಡುತ್ತಿದ್ದ. ಕೆರೆಗೆ ನೀರು ಹರಿದು ಬರುವ ಜಾಗ, ಅಂದರೆ ಕ್ಯಾಚ್‌ಮೆಂಟು, 'ಆವರೇಜ್'. ಸದಾ ಆವರೇಜ್. ಒಮ್ಮೆ ಹೊನ್ನಾಳಿ ಕಡೆಯ ಒಂದು ಕೆರೆಯ ರಿಪೋರ್ಟಿನಲ್ಲಿ ನಡುವೆ ಒಂದು ಹಾಳೆ ಪೂರ್ತಿ ಹಳೆಯ ರಿಪೋರ್ಟಿನ ಊರ ಹೆಸರೇ, ನಲ್ಲೂರು, ನಲ್ಲೂರು ಅಂತ ಉಳಿದುಬಿಟ್ಟಿತ್ತು. ಮೇಲಿನವರು ಯಾರೂ ಕೇಳಲಿಲ್ಲ, ಮಂಜೂರೂ ಆಯಿತು. ಬೆನಕಪ್ಪ ಅದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. ಕೆರೆಯೂ ಚೆನ್ನಾಗಿಯೇ ಎದ್ದಿತು, ಚೆನ್ನಾಗಿಯೇ ತುಂಬಿತು ಅನ್ನಿ. ಆ ಕಡೆ ಮಳೆ ಧಾರಾಳ, ತಪ್ಪು ಬರೆದರೂ ಮುಚ್ಚಿಹೋಗುತ್ತದೆ.

ಪಾಪಣ್ಣನಿಗೆ ಆ ನಕಲಿನ ಚಾಳಿ ಹತ್ತಲಿಲ್ಲ. ಕೆರೆಯ ಜಾಗ ನೋಡಲು ಹೋದರೆ ಬೇರೆಯವರು ಕೆರೆಯ ಏರಿ ಎಲ್ಲಿ ಬರುತ್ತದೆ ಅನ್ನುವ ಗೆರೆ ನೋಡಿ ಜೀಪು ಹತ್ತುತ್ತಿದ್ದರು, ಇವನು ಹಳ್ಳದ ಗುಂಟ ಗುಡ್ಡದ ತನಕ ನಡೆದು ಬರುತ್ತಿದ್ದ. ಕಲ್ಲು ಎಷ್ಟು, ಉಳುಮೆ ಎಷ್ಟು, ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿದ್ದ. ಆಮೇಲೆ ಬಂದು ಹೆಚ್ಚುಕಡಿಮೆ ಬೆನಕಪ್ಪ ಬರೆದದ್ದನ್ನೇ ಬರೆಯುತ್ತಿದ್ದ, ಆವರೇಜ್ ಅಂತ. ಆದರೆ ನೋಡಿ ಬರೆಯುತ್ತಿದ್ದ. ಅನುಮಾನವಿದ್ದ ಕಡೆ ಜನರ ಕಡೆಗೆ ಒಂದಿಷ್ಟು ವಾಲಿಸಿ ಬರೆಯುತ್ತಿದ್ದ. ಅದರಲ್ಲಿ ಅವನಿಗೆ ಒಂಚೂರೂ ಅಳುಕಿರಲಿಲ್ಲ.

ಅಳುಕು ಹುಟ್ಟಿದ್ದು ನ್ಯಾಮತಿಯಲ್ಲಿ. ಅಲ್ಲಿಗೆ ವರ್ಗವಾದ ಎರಡನೇ ವರ್ಷ ಒಂದು ಕೆರೆಯ ಕಾಲುವೆ ಸರ್ವೆ ಮಾಡಿದ. ನೆಲದ ಇಳಿಜಾರು ಎತ್ತ ಇತ್ತೋ ಅತ್ತ ಕಾಲುವೆ ಹೋಯಿತು. ಹೋದ ದಾರಿಯಲ್ಲಿ ಕೇರಿಯವರ ನಾಲ್ಕು ತುಂಡು ಜಮೀನು ಇತ್ತು. ಅಷ್ಟೇ ಸಾಕಾಯಿತು. ಹೆಸರಿಲ್ಲದ, ಸಹಿಯಿಲ್ಲದ ಮೂಗರ್ಜಿಯೊಂದು ಮೇಲಕ್ಕೆ ಹೋಯಿತು: ಈ ಎಂಜಿನಿಯರು ತನ್ನ ಜಾತಿಯವರಿಗೆ ನೀರು ತಿರುಗಿಸಿದ್ದಾನೆ. ವಿಚಾರಣೆ ಬಂತು. ನೆಲದ ಏರುತಗ್ಗು ಬರೆದಿಟ್ಟ ತನ್ನ ಲೆವೆಲ್ ಪುಸ್ತಕಗಳನ್ನೆಲ್ಲ ಹೊತ್ತು, ಹೊರಗಿನ ಬೆಂಚಿನಲ್ಲಿ ಕಳ್ಳನ ಹಾಗೆ ಕೂತು, ಕರೆದಾಗ ಒಳಗೆ ಹೋಗಿ ಇಳಿಜಾರು ಇಳಿಜಾರೇ ಅಂತ ರುಜುವಾತು ಮಾಡಬೇಕಾಯಿತು. ಕೊನೆಗೆ 'ಆರೋಪಕ್ಕೆ ಆಧಾರವಿಲ್ಲ' ಅಂತ ಬರೆದು ಮುಗಿಸಿದರು. ಆಧಾರವಿಲ್ಲ ಅಂತ ಬರೆಯುವುದಕ್ಕೆ ಅವರಿಗೆ ಎರಡು ವರ್ಷ ಹಿಡಿಯಿತು! ಅಷ್ಟರಲ್ಲಿ ಬಡ್ತಿಯೂ ಹೋಯಿತು, ರಾತ್ರಿ ನಿದ್ದೆಯೂ ಹೋಯಿತು. ಮೂಗರ್ಜಿ ಬರೆದ ಆ ಪುಣ್ಯಾತ್ಮ ಯಾರೋ, ಅವನ ಕೈಗೆ ಹುಳ ಬೀಳಲಿ.

ಅಲ್ಲಿಂದಾಚೆ ಪಾಪಣ್ಣ ಬರೆಯುವಾಗ ಹೆಗಲ ಹಿಂದೆ ಯಾರೋ ನಿಂತು ಓದುತ್ತಿದ್ದಾರೆ ಅನ್ನುವಂತೆ ಬರೆಯತೊಡಗಿದ.

ಎಪ್ಪತ್ತೊಂಬತ್ತರಲ್ಲಿ ಜಗಳೂರಿಗೆ ವರ್ಗವಾಯಿತು. ಸೇರಿದ ವಾರದಲ್ಲೇ ಕೈಗೆ ಬಂದ ಪಟ್ಟಿಯಲ್ಲಿ ಕಾರೆಹಟ್ಟಿ ಕೆರೆ ಇತ್ತು. ಊರ ಮೇಲೆ ಗುಡ್ಡದ ಸಾಲು, ಅಲ್ಲಿಂದ ಇಳಿಯುವ ಹಳ್ಳ, ಹಳ್ಳ ಎರಡು ದಿಣ್ಣೆಗಳ ನಡುವೆ ಸಪೂರವಾಗುವ ಕಡೆ ಏರಿ ಹಾಕಿದರೆ ಕೆರೆ. ತಲೆಮಾರಿನಿಂದ ಊರು ಕೇಳಿಕೊಂಡು ಬಂದ ಕೆರೆ ಅದು. ಏರಿಯ ಕೆಳಗೆ ಕೇರಿಯವರಿಗೆ ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ಜಮೀನು, ಭೀಮಕ್ಕನದೂ ಎರಡು ಎಕರೆ ಅದರಲ್ಲಿತ್ತು. ಏರಿಯ ಮೇಲ್ಗಡೆ ನೀರಲ್ಲಿ ಮುಳುಗುವ ನಲವತ್ತೈದು ಎಕರೆಯಲ್ಲಿ ಮುಕ್ಕಾಲು ಪಾಲು ಊರ ಹಿರಿಯ ಓಬಳಪ್ಪ ಗೌಡರದು. ನೀವೇ ನೋಡಿ, ದೇವರು ಹೇಗೆ ಸಿಕ್ಕಿಸುತ್ತಾನೆ ಅಂತ.

ಭೀಮಕ್ಕ ಅಂತೂ ಕುಣಿದಾಡಿಬಿಟ್ಟಳು. "ನಾನು ಹೇಳ್ತಿದ್ನಲ್ಲ, ನನ್ ತಮ್ಮ ಬಂದೇ ಬರ್ತಾನೆ ಅಂತ. ಇನ್ನೇನು, ಒಂದ್ ಬೊಗಸೆ ಭತ್ತ ನಮ್ ಹೊಲ್ದಾಗೂ ಬೆಳೀತೈತೆ ಬಿಡ್ರಿ." ರಾಗಿ ಬಿಟ್ಟರೆ ಸಾವೆ, ಸಾವೆ ಬಿಟ್ಟರೆ ರಾಗಿ ಕಂಡ ಹೆಂಗಸು ಅವಳು.

"ಭತ್ತ ಆಗಲ್ಲಕ್ಕ, ನೀರು ಸಾಲಲ್ಲ. ಸೇಂಗಾ, ಜೋಳ ಆದೀತು" ಅಂದ ಪಾಪಣ್ಣ.

"ಆಗ್ಲಿ ಬಿಡಪ್ಪಾ, ಸೇಂಗಾನೇ ಆಗ್ಲಿ. ನೀನು ಕಟ್ಟು ಮೊದ್ಲು."

ಸರ್ವೆಯ ದಿನ ಎಕ್ಸಿಕ್ಯುಟಿವ್ ಎಂಜಿನಿಯರ್ ವಿರೂಪಾಕ್ಷಪ್ಪನವರು ಜೀಪಿನಲ್ಲಿ ಬಂದರು. ದಪ್ಪ ಮೈ, ದೊಡ್ಡ ನಗೆ, ಕೆಲಸದ ಮನುಷ್ಯ. ಓಬಳಪ್ಪ ಗೌಡರು ಎಳನೀರು ಕೊಡಿಸಿದರು. ಕುಡಿಯುತ್ತಾ ಕುಡಿಯುತ್ತಾ, ಪಾಪಣ್ಣನ ಎದುರಿಗೇ, ಗೌಡರು ನಗುನಗುತ್ತಾ ಅಂದರು:

"ಏನ್ ಸಾಹೇಬ್ರೇ, ನಮ್ ಪಾಪಣ್ಣನೇ ಲೆಕ್ಕ ಬರೀತಾನೆ ಅಂದ್ಮೇಲೆ ಕೆರೆ ಆದಂಗೇ ಬಿಡ್ರಿ. ತನ್ನೂರಿಗೆ ನೀರಿಲ್ಲ ಅಂತ ಯಾವನಾದ್ರೂ ಬರೀತಾನಾ?"

ವಿರೂಪಾಕ್ಷಪ್ಪನವರು ನಕ್ಕರು. ಸುತ್ತ ನಿಂತವರೂ ನಕ್ಕರು. ಪಾಪಣ್ಣನಿಗೆ ಅದು ಚುಚ್ಚುಮಾತಿನ ಹಾಗೆ ಕೇಳಿಸಿತು. ಮುಳುಗುವ ಹೊಲದ ಯಜಮಾನ ಇವರು, ನೀರು ಕುಡಿಯುವ ಹೊಲದ ಯಜಮಾನಿ ತನ್ನಕ್ಕ. ನ್ಯಾಮತಿಯ ಬೆಂಚು ಕಣ್ಣ ಮುಂದೆ ಬಂತು. ಅವನು ಎಳನೀರು ಅರ್ಧಕ್ಕೇ ಬಿಟ್ಟು ಎದ್ದುಹೋಗಿ ಲೆವೆಲ್ ಉಪಕರಣದ ಹತ್ತಿರ ನಿಂತುಕೊಂಡ.

ಇನ್ನು ಲೆಕ್ಕದ ವಿಚಾರ. ಇದನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಇಡೀ ಬದುಕು ನಿಂತದ್ದು ಇದರ ಮೇಲೆ.

ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಅದರ ಮೂವತ್ತೊಂಬತ್ತು ವರ್ಷದ ಮಳೆ ಬರೆದುಕೊಂಡು ಬಂದ. ಹೆಚ್ಚು ಮಳೆಯ ವರ್ಷ ಮೇಲೆ, ಕಡಿಮೆಯದು ಕೆಳಗೆ ಅಂತ ಸಾಲಾಗಿ ಜೋಡಿಸಿದ. ಮೇಲಿನಿಂದ ಮೂವತ್ತನೆಯ ಸಾಲಿಗೆ ಬೆರಳಿಟ್ಟ. ಅಷ್ಟು ಮಳೆಯಾದರೂ ನಾಲ್ಕು ವರ್ಷಕ್ಕೆ ಮೂರು ವರ್ಷ ಬಂದೇ ಬರುತ್ತದೆ ಅಂತ ನಂಬಬಹುದು, ಕೆರೆಯ ಲೆಕ್ಕ ಹಾಕುವುದು ಆ ನಂಬುಗೆಯ ಮಳೆಗೆ. ಬಿದ್ದ ಮಳೆಯೆಲ್ಲ ಹಳ್ಳಕ್ಕೆ ಬರುವುದಿಲ್ಲ. ಎಷ್ಟು ಬರುತ್ತದೆ ಅಂತ ಹೇಳುವ ಒಂದು ಹಳೆಯ ಕೋಷ್ಟಕ ಉಂಟು, ಸ್ಟ್ರೇಂಜ್ ಅನ್ನುವ ದೊರೆ ಮಾಡಿದ್ದು. ಅದರಲ್ಲಿ ನೆಲ ಮೂರು ಬಗೆ: ಗುಡ್, ಆವರೇಜ್, ಬ್ಯಾಡ್. ಬೇಸಾಯಗಾರನ ಕಣ್ಣಿಗೆ ಇದು ತಲೆಕೆಳಗು. ಬರೀ ಕಲ್ಲು, ಇಳಿಜಾರು, ಏನೂ ಬೆಳೆಯದ ನೆಲ ಇಲ್ಲಿ 'ಗುಡ್', ನೀರನ್ನು ಹಿಡಿಯದೆ ಜಾರಿಸಿಬಿಡುತ್ತದೆ ಅಂತ. ಹದವಾದ, ಉಳುವ, ಬದು ಹಾಕಿದ ನೆಲ 'ಬ್ಯಾಡ್'. ಕಾರೆಹಟ್ಟಿಯ ಮಳೆಗೆ ಗುಡ್ ನೆಲವಾದರೆ ನೂರು ಕೊಡದಲ್ಲಿ ಹತ್ತು ಕೊಡ ಕೆರೆಗೆ ಬರುತ್ತದೆ. ಆವರೇಜ್ ಆದರೆ ಎಂಟಕ್ಕೆ ತುಸು ಕಡಿಮೆ. ಬ್ಯಾಡ್ ಆದರೆ ಐದು.

ಪಾಪಣ್ಣ ಆವರೇಜ್, ಬ್ಯಾಡ್ ಎರಡೂ ಬಗೆಯಲ್ಲಿ ಲೆಕ್ಕ ಮಾಡಿದ. ಹಳ್ಳದ ಮೇಲ್ಗಡೆ ಒಂದು ಹಳೆಯ ಕಟ್ಟೆ ಇತ್ತು, ಅದು ನೀರನ್ನು ತಾನೇ ಹಿಡಿದುಕೊಳ್ಳುವುದರಿಂದ ಅದರ ಹಿಂದಿನ ನೆಲದ ನೀರಿನಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಹಿಡಿದ. ಬಿಸಿಲಿಗೆ ಆರುವ ನೀರು, ತಳದಲ್ಲಿ ಇಂಗುವ ನೀರು ಕಳೆದ. ಉಳಿದದ್ದಕ್ಕೆ ಎಷ್ಟು ನೆಲ ನೆನೆಯುತ್ತದೆ? ಆವರೇಜ್ ಅಂದರೆ ಅರವತ್ತೆರಡು ಎಕರೆ. ಬ್ಯಾಡ್ ಅಂದರೆ ಇಪ್ಪತ್ತೇಳು. ಮುಳುಗುವುದು ನಲವತ್ತೈದು. ಒಂದು ಪದ ಬರೆದರೆ ಕೆರೆ ಆಗುತ್ತದೆ. ಇನ್ನೊಂದು ಪದ ಬರೆದರೆ, ನೆನೆಯುವ ನೆಲಕ್ಕಿಂತ ಮುಳುಗುವ ನೆಲವೇ ಹೆಚ್ಚು, ಅಂಥ ಕೆರೆಯನ್ನು ಯಾವ ಸರ್ಕಾರವೂ ಕಟ್ಟುವುದಿಲ್ಲ.

ಹಾಗಾದರೆ ನೆಲ ನಿಜವಾಗಿ ಯಾವ ಬಗೆ? ಮೇಲೆ ಕಲ್ಲುಗುಡ್ಡ, ಕೆಳಗೆ ಉಳುವ ಹೊಲ. ಹೊಲಗಳಿಗೆ ಎಪ್ಪತ್ತೆರಡರ ಬರಗಾಲದ ಕಾಮಗಾರಿಯಲ್ಲಿ ಬದು ಹಾಕಿಸಿದ್ದರು. ಭೀಮಕ್ಕನೇ ಆ ಬದುಗಳಿಗೆ ಮಣ್ಣು ಹೊತ್ತಿದ್ದಳು. ಬದು ಗಟ್ಟಿಯಾಗಿದ್ದರೆ ನೀರು ಹೊಲದಲ್ಲೇ ನಿಲ್ಲುತ್ತದೆ, ಹಳ್ಳಕ್ಕೆ ಬರುವುದಿಲ್ಲ, ಆಗ ನೆಲ ಬ್ಯಾಡ್. ಆದರೆ ಏಳೆಂಟು ವರ್ಷದಲ್ಲಿ ಅರ್ಧಕ್ಕರ್ಧ ಬದು ಒಡೆದು ಹೋಗಿತ್ತು. ಪಾಪಣ್ಣ ಗುಡ್ಡದ ತನಕ ನಡೆದವನು, ಆ ಒಡಕುಗಳನ್ನು ದಾಟಿಕೊಂಡೇ ನಡೆದವನು. ಚನ್ನಗಿರಿಯಲ್ಲಾಗಿದ್ದರೆ, ಹೊನ್ನಾಳಿಯಲ್ಲಾಗಿದ್ದರೆ, ಇಂಥ ನೆಲಕ್ಕೆ ಎರಡನೇ ಮಾತಿಲ್ಲದೆ ಆವರೇಜ್ ಬರೆಯುತ್ತಿದ್ದ.

ಮೂರು ದಿನ ಆ ಹಾಳೆ ಮೇಜಿನ ಮೇಲೆ ಹಾಗೇ ಇತ್ತು. ಅಳತೆಗೆ ಸಿಗುವುದನ್ನೆಲ್ಲ ಬರೆದಾಗಿತ್ತು. ಏರಿಯ ಅಗಲ, ಎರಡೂ ಮಗ್ಗುಲಿನ ಇಳಿಜಾರು, ನೆರೆ ಬಂದರೆ ಕೋಡಿ ಎಷ್ಟುದ್ದ ಇರಬೇಕು, ಎಲ್ಲ ಆಗಿತ್ತು. ಆ ಒಂದು ಸಾಲು ಖಾಲಿ. ಪೆನ್ನು ಎತ್ತಿದರೆ ಸಾಕು, ಗೌಡರ ನಗು ಕಿವಿಗೆ ಬೀಳುತ್ತಿತ್ತು. ಆವರೇಜ್ ಅಂದರೆ ನಾಳೆ ಮೂಗರ್ಜಿ ಬರುತ್ತದೆ: ಬದುಗಳಿದ್ದರೂ ಇಲ್ಲವೆಂದು ಬರೆದು, ಅಕ್ಕನ ಹೊಲಕ್ಕೆ ನೀರು ತಂದು, ಗೌಡರ ಹೊಲ ಮುಳುಗಿಸಿದ. ಯಾರು ನಂಬುತ್ತಾರೆ ತನ್ನನ್ನು? ಇಳಿಜಾರನ್ನು ಅಳೆದು ತೋರಿಸಬಹುದು. ಇದನ್ನು ಅಳೆಯಲು ಬರುವುದಿಲ್ಲವಲ್ಲ, ಇದು ನಂಬಿಕೆಯ ಮಾತು. ಅವನಂಥವನ ನಂಬಿಕೆಗೆ ಯಾವ ಬೆಲೆ ಅಂತ ನ್ಯಾಮತಿಯಲ್ಲಿ ಒಮ್ಮೆ ನೋಡಿಯಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಕಚೇರಿಗೆ ಹೋಗಿ, ಬ್ಯಾಗು ಕೆಳಗಿಡುವ ಮುಂಚೆಯೇ ಬರೆದುಬಿಟ್ಟ. ಕ್ಯಾಚ್‌ಮೆಂಟಿನ ಬಹುಭಾಗ ಸಾಗುವಳಿಯಲ್ಲಿದೆ. ಬದುಗಳು ಸುಸ್ಥಿತಿಯಲ್ಲಿವೆ ಎಂದು ಭಾವಿಸಲಾಗಿದೆ. ಆದಕಾರಣ ಬ್ಯಾಡ್ ಎಂದು ಪರಿಗಣಿಸಿದೆ. ಕೆಳಗೆ ಸಹಿ. ಟೈಪ್ ಆಗಿ ಬಂದಾಗ ಓದಿ ನೋಡಿದ, ಒಂದು ಅಂಕಿಯೂ ತಪ್ಪಿರಲಿಲ್ಲ. ತನ್ನ ಕಡೆಗೆ ಯಾರೂ ಬೆರಳು ತೋರಿಸಲಾರರು ಅಂತ ನಿಟ್ಟುಸಿರು ಬಿಟ್ಟ. ಅಯ್ಯೋ ದಡ್ಡ, ನಿನ್ನ ನಿಟ್ಟುಸಿರಿಗೆ ಊರು ಬಾಯಾರಬೇಕಾಯಿತಲ್ಲೋ!

ಎಂಟು ತಿಂಗಳ ಮೇಲೆ ಉತ್ತರ ಬಂತು. ಪ್ರಯೋಜನ ಪಡೆಯುವ ಪ್ರದೇಶಕ್ಕಿಂತ ಮುಳುಗಡೆ ಹೆಚ್ಚಿರುವುದರಿಂದ ಯೋಜನೆಯನ್ನು ಕೈಬಿಡಲಾಗಿದೆ. ಅದೇ ಸಾಯಂಕಾಲ ಸುದ್ದಿ ಕಾರೆಹಟ್ಟಿ ಮುಟ್ಟಿತು. ಯಾಕೆ ಕೈಬಿಟ್ಟರು ಅಂತ ಕೇಳಿದವರಿಗೆ ಕಚೇರಿಯಲ್ಲಿ ಯಾರೋ ಹೇಳಿಬಿಟ್ಟಿದ್ದರು, ನಿಮ್ಮ ಪಾಪಣ್ಣನೇ ನೀರು ಸಾಲಲ್ಲ ಅಂತ ಬರೆದಿದ್ದು ಅಂತ.

ಭಾನುವಾರ ಊರಿಗೆ ಹೋದಾಗ ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೂ ಬಾಯಿ ಬರುತ್ತಿತ್ತು. ಕೇರಿಯ ಮೂಕಮ್ಮ ಅನ್ನುವ ಮುದುಕಿ ಮಾತ್ರ ಕೇಳಿದಳು, "ಪಾಪ, ನಿಂಗೆ ಮ್ಯಾಲ್ನೋರು ಏನಾರ ಹೆದರಿಸಿದ್ರೇನಪ್ಪಾ?" ಇಲ್ಲ ಅಜ್ಜಿ ಅಂದ. ಭೀಮಕ್ಕ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ ಹೇಳಿದಳು:

"ಲೆಕ್ಕ ಹೆಂಗೆ ಬರ್ತೈತೋ ಹಂಗೇ ತಾನೇ ಬರೀಬೇಕು. ಅವನು ಸುಳ್ಳು ಬರೆಯಾಕೆ ಆಗ್ತೈತಾ? ಬಿಡ್ರಿ, ನಮ್ ಹಣೇಬರ."

ಆ ಮಾತು ಅವನ ಎದೆಗೆ ನಾಟಿದಷ್ಟು ಬೇರೆ ಯಾವುದೂ ನಾಟಲಿಲ್ಲ. ತಾನು ನಿಜ ಬರೆದೆ ಅಂತ ಅಕ್ಕ ನಂಬಿದ್ದಾಳೆ. ಬಡಿಸಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. ಬಸ್ಸಿಗೆ ಹೊತ್ತಾಯಿತು ಅಂತ ಸುಳ್ಳು ಹೇಳಿ ಎದ್ದು ಬಂದ.

ಮರುವರ್ಷ ವಿರೂಪಾಕ್ಷಪ್ಪನವರು ತಪಾಸಣೆಗೆ ಬಂದಾಗ, ಪ್ರವಾಸಿ ಮಂದಿರದಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಸಹಜವಾಗಿ ಕೇಳಿದರು.

"ಅಲ್ರೀ ಪಾಪಣ್ಣ, ನಿಮ್ಮೂರ ಕೆರೆಗೆ ಯಾಕ್ರೀ ಬ್ಯಾಡ್ ತಗೊಂಡ್ರಿ? ನಾನೂ ನೋಡಿದ್ನಲ್ಲ ಜಾಗ. ಆವರೇಜ್ ಅಂದಿದ್ರೆ ಕಣ್ಮುಚ್ಚಿ ಸಹಿ ಹಾಕ್ತಿದ್ದೆ. ಎಲ್ಲಾರೂ ಅದನ್ನೇ ಬರೆಯೋದು."

ಪಾಪಣ್ಣನಿಗೆ ನೆಲ ಬಾಯಿಬಿಟ್ಟಂತಾಯಿತು. "ಸಾರ್, ನನ್ನ ಸ್ವಂತ ಊರು… ಜನ ಏನಾದ್ರೂ ಅಂದುಕೊಂಡಾರು ಅಂತ… ಗೌಡರ ಹೊಲ ಬೇರೆ ಮುಳುಗ್ತಿತ್ತು."

"ಗೌಡರದಾ? ಒಳ್ಳೇ ಕಥೆ! ಅವರೇ ಅರ್ಜಿ ಹಿಡಿದು ನನ್ನ ಹತ್ರ ನಾಲ್ಕು ಸಲ ಬಂದಿದ್ರಲ್ರೀ. ಕೆರೆ ಆದ್ರೆ ಊರ ಬಾವಿಗಳಿಗೆಲ್ಲ ನೀರಿನ ಊಟೆ ಬರ್ತೈತೆ, ನನ್ ಹೊಲ ಮುಳುಗಿದ್ರೆ ಮುಳುಗಲಿ, ಪರಿಹಾರ ಕೊಡ್ತೀರಲ್ಲ, ಅಂದಿದ್ರು."

ಗೌಡರು ಅವತ್ತು ನಕ್ಕದ್ದು ಖುಷಿಗೆ. ನಮ್ಮ ಹುಡುಗ ಬರೆಯುತ್ತಾನೆ, ಕೆಲಸ ಆಗುತ್ತದೆ ಅನ್ನುವ ಖುಷಿಗೆ. ಅಷ್ಟನ್ನು ತಿಳಿಯಲು ಪಾಪಣ್ಣನಿಗೆ ವರ್ಷದ ಮೇಲೆ ಬೇಕಾಯಿತು. ಅವನನ್ನು ಬೈಯೋಣವೆಂದರೆ ನನಗೂ ಮನಸ್ಸು ಬರುವುದಿಲ್ಲ. ಸುಟ್ಟುಕೊಂಡ ಕೈಗೆ ಬಿಸಿ ಯಾವುದು ಬೆಚ್ಚಗಿನದು ಯಾವುದು ಅಂತ ಗೊತ್ತಾಗುವುದಿಲ್ಲ.

ಅವನು ಸುಮ್ಮನೆ ಕೂರಲಿಲ್ಲ, ಅದನ್ನಾದರೂ ಹೇಳಬೇಕು. ರಜೆ ಹಾಕಿ ಮತ್ತೆ ಗುಡ್ಡದ ತನಕ ನಡೆದ. ಒಡೆದ ಬದುಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತು ಮಾಡಿದ. ಅಸಂಪ್ಶನ್ನುಗಳನ್ನು ಹೊಸದಾಗಿ ಬರೆದ, ಆವರೇಜ್ ಅಂತ ಬರೆದ, ಯಾಕೆ ಅಂತ ಎರಡು ಹಾಳೆ ವಿವರಣೆ ಬರೆದ. ಅಷ್ಟು ಚೆಂದದ ರಿಪೋರ್ಟನ್ನು ಅವನು ಹಿಂದೆಂದೂ ಬರೆದಿರಲಿಲ್ಲ. ವಿರೂಪಾಕ್ಷಪ್ಪನವರು ಮಾತಿಗೆ ತಪ್ಪದೆ ಸಹಿ ಹಾಕಿ ಮೇಲಕ್ಕೆ ಕಳಿಸಿದರು.

ಮೇಲಿನ ಕಚೇರಿಯಿಂದ ವಾಪಸು ಬಂತು. ಹಿಂದಿನ ವರದಿಯಲ್ಲಿ ಬದುಗಳು ಸುಸ್ಥಿತಿಯಲ್ಲಿವೆ ಎಂದು ಇದೇ ಅಧಿಕಾರಿ ಸಹಿ ಮಾಡಿರುತ್ತಾರೆ. ಎರಡು ವರ್ಷದಲ್ಲಿ ಅವು ಒಡೆದಿದ್ದರೆ ಲೋಪ ಯಾರದು? ಒಡೆದಿಲ್ಲವಾದರೆ ಕ್ಯಾಚ್‌ಮೆಂಟಿನ ವರ್ಗ ಬದಲಾದದ್ದು ಹೇಗೆ? ಸ್ಪಷ್ಟೀಕರಿಸುವುದು.

"ಭಾವಿಸಲಾಗಿದೆ ಅಂತ ಬರೆದಿದ್ದೆ ಸಾರ್, ಅವು ಹಾಗಿವೆ ಅಂತ ಬರೆದಿರಲಿಲ್ಲ" ಅಂದ ಪಾಪಣ್ಣ.

ವಿರೂಪಾಕ್ಷಪ್ಪನವರು ಕನ್ನಡಕ ತೆಗೆದರು. "ಬರೆಯೋ ತನಕ ಅದು ನಿಮ್ಮ ಭಾವನೆ ಕಣ್ರೀ. ಫೈಲಿಗೆ ಬಿದ್ಮೇಲೆ ಅದೇ ದಾಖಲೆ. ಈಗ ಒಡೆದಿದ್ವು ಅಂದ್ರೆ ನೀವು ಮೊದಲು ಸುಳ್ಳು ಬರೆದಂಗಾಯ್ತು. ಈಚೆಗೆ ಒಡೆದ್ವು ಅಂದ್ರೆ ಬದು ಹಾಕಿದ ಇಲಾಖೆ ಮೇಲೆ ಆಡಿಟ್ ಬರುತ್ತೆ, ಅವರು ಸುಮ್ನಿರ್ತಾರಾ? ನ್ಯಾಮತಿದು ಇನ್ನೂ ನಿಮ್ಮ ಸರ್ವೀಸ್ ರಿಜಿಸ್ಟರಿನಲ್ಲಿ ಐತೆ. ಸ್ವಂತ ಊರು ಬೇರೆ. ಕೈಮುಗೀತೀನಿ, ಬಿಟ್ಟುಬಿಡಿ."

ಅಂತೂ ಅವನು ಯಾವ ಆಪಾದನೆಗೆ ಹೆದರಿ ಆ ಪದ ಬರೆದಿದ್ದನೋ, ಆ ಪದವೇ ಅದನ್ನು ಬಾಗಿಲಿಗೆ ತಂದು ನಿಲ್ಲಿಸಿತು. ಸ್ಪಷ್ಟೀಕರಣ ಕೊಡಲಿಲ್ಲ. ಫೈಲು ಮುಚ್ಚಿತು. ಆಮೇಲೆ ಅವನು ಹೊನ್ನಾಳಿಗೆ ವರ್ಗ ಕೇಳಿಕೊಂಡು ಹೋದ. ಅಲ್ಲಿ ತಡವಾಗಿ ಬಂದ ಬಡ್ತಿಯ ಕುರ್ಚಿಯಲ್ಲಿ ಕೂತು, ಯಾರು ಯಾವ ರಿಪೋರ್ಟು ತಂದರೂ ಓದದೆ ದಾಟಿಸುತ್ತಿದ್ದ. ಹುಡುಗ ಎಂಜಿನಿಯರುಗಳು ಬೆನಕಪ್ಪನ ಹಾಗೇ ನಕಲು ಮಾಡಿಕೊಂಡು ಬರುತ್ತಿದ್ದರು, ಆವರೇಜ್, ಆವರೇಜ್, ಆವರೇಜ್. ಅವನಿಗೆ ನಗುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಊರಿಗೆ ಹೋಗುವುದು ಹಬ್ಬಕ್ಕೊಮ್ಮೆ ಆಯಿತು, ಆಮೇಲೆ ಅದೂ ತಪ್ಪಿತು.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಒಂದು ವರ್ಷ ಮಳೆ ಜೋರಾಗಿ ಹಿಡಿಯಿತು. ಜಗಳೂರಿನ ಕಡೆ ಅಪರೂಪಕ್ಕೆ ಕಾಣುವಂಥ ಮಳೆ. ಭೀಮಕ್ಕನ ಮನೆಯ ಗೋಡೆ ಕುಸಿಯಿತು ಅಂತ ಹೇಳಿಕಳಿಸಿದರು, ಪಾಪಣ್ಣ ಓಡಿಹೋದ. ಪುಣ್ಯಕ್ಕೆ ಅವಳಿಗೆ ಏನೂ ಆಗಿರಲಿಲ್ಲ. ಅವಳು ಮನೆಯಲ್ಲೂ ಇರಲಿಲ್ಲ. ಊರಿಗೆ ಊರೇ ಹಳ್ಳದ ದಂಡೆಗೆ ಹೋಗಿತ್ತು, ಅವಳೂ ಹೋಗಿದ್ದಳು.

ಕಾರೆಹಳ್ಳ ಕೆಂಪಗೆ, ದಂಡೆ ತುಂಬ ಹರಿಯುತ್ತಿತ್ತು. ಎರಡು ದಿಣ್ಣೆಗಳ ನಡುವೆ, ಏರಿ ಬರಬೇಕಿದ್ದ ಕಡೆ, ಒತ್ತಿಕೊಂಡು ನುಗ್ಗುತ್ತಿತ್ತು. ಜನ ಸುಮ್ಮನೆ ನಿಂತು ನೋಡುತ್ತಿದ್ದರು. ಹಿಡಿದುಕೊಳ್ಳಲು ಏನೂ ಇಲ್ಲದೆ ನೀರು ಹೋಗುವುದನ್ನು ನೋಡುವುದು ಎಂಥ ಸಂಕಟ ಅಂತ ನೀರಿಲ್ಲದ ಊರಿನವರಿಗೇ ಗೊತ್ತು. ಭೀಮಕ್ಕ ಒಂದು ಕಲ್ಲಿನ ಮೇಲೆ ಕೂತಿದ್ದಳು. ತಲೆ ಪೂರ್ತಿ ನೆರೆತಿತ್ತು. ತಮ್ಮ ಬಂದು ಪಕ್ಕದಲ್ಲಿ ನಿಂತದ್ದನ್ನು ನೋಡಿ ಸರಿದು ಜಾಗ ಕೊಟ್ಟಳು, ಅವನು ಕೂತ.

ಹಳ್ಳವನ್ನೇ ನೋಡುತ್ತಾ ಕೇಳಿದಳು. "ಈ ನೀರು ನಿನ್ ಲೆಕ್ಕದಾಗೆ ಇತ್ತೇನಪ್ಪಾ?"

"ಇತ್ತಕ್ಕ. ಇಂಥ ವರ್ಷಗಳೂ ಇದ್ವು, ಮ್ಯಾಲಿನ ಸಾಲಿನಾಗೆ. ನಂಬಾಕೆ ಆಗಲ್ಲ ಅಂತ ಅವನ್ನ ಲೆಕ್ಕಕ್ಕೆ ಹಿಡಿಯಾದಿಲ್ಲ."

"ಹೋಗ್ಲಿ, ನಂಬೋ ಅಂಥ ಮಳೆಗೆ ನಮಗೆ ಕೆರೆ ಆಗ್ತಿರಲಿಲ್ಲ, ಅಲ್ವಾ? ನೀನು ಅದನ್ನೇ ಬರೆದೆ, ಅಲ್ವಾ?"

ಹೌದು ಅಂದುಬಿಡಬಹುದಿತ್ತು. ಅಕ್ಕ ತಾನಾಗೇ ಬಾಗಿಲು ತೆರೆದು ಕೊಟ್ಟಿದ್ದಳು. ಆದರೆ ಇಷ್ಟು ವರ್ಷ ನುಂಗಿದ್ದು ಇನ್ನು ನುಂಗಲಾಗಲಿಲ್ಲ.

"ಆಗ್ತಿತ್ತೇನೋ ಅಕ್ಕ. ಹಂಗೂ ಬರೀಬಹುದಿತ್ತು, ಹಿಂಗೂ ಬರೀಬಹುದಿತ್ತು. ನಮ್ಮೂರು ಅಂತ ಹೆದರಿಕೊಂಡೆ. ತನ್ನೋರಿಗೆ ಮಾಡ್ಕೊಂಡ ಅಂತಾರೆ ಅಂತ ಹೆದರಿಕೊಂಡು, ಆಗಲ್ಲ ಅನ್ನಂಗೆ ಬರೆದೆ."

ಭೀಮಕ್ಕ ತಿರುಗಿ ಅವನ ಮುಖ ನೋಡಿದಳು. "ಬ್ಯಾರೆಯೋರ ಊರಾಗಿದ್ರೆ?"

"ಆಗ್ತೈತೆ ಅಂತ ಬರೀತಿದ್ದೆ."

ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು.

"ಅಂದ್ರೆ ನೀನು ನಮ್ಮೋನಾಗಿದ್ದಕ್ಕೇ ನಮಗೆ ಕೆರೆ ಇಲ್ಲ."

ಅಷ್ಟು ಹೇಳಿ, ಕುಸಿದ ಗೋಡೆಯ ಮನೆಯ ಕಡೆಗೆ ಒಬ್ಬಳೇ ನಡೆದಳು. ಪಾಪಣ್ಣ ಹಿಂದೆ ಹೋಗಲು ಎದ್ದ, ಹೋಗಲಾಗದೆ ಮತ್ತೆ ಕೂತ. ನೀರು ಸಂಜೆಯ ತನಕ ಹಾಗೇ ಹರಿದುಹೋಯಿತು.